ಪ್ರಮಾಥಿಯೋ ಪ್ರಮಾದಿಯೋ: ಒಂದು ಚುಕ್ಕೆಯ ಕಾಟ

ವಂಶವೃಕ್ಷದ ಪಟ್ಟಿಯಲ್ಲಿ ಬಹಳ ದಿನದಿಂದ ಕೆಂಪು ಬಣ್ಣ ಬಳಿದಿಟ್ಟಿದ್ದ ಸಾಲಿಗೆ ನಿನ್ನೆ ರಾತ್ರಿ ತಾರೀಖು ಸಿಕ್ಕಿತು. 1940ರ ಫೆಬ್ರವರಿ 24. ಸಂವತ್ಸರದ ಹೆಸರಿನಿಂದ ಇಸವಿ ತೆಗೆಯುವುದು ಐದು ನಿಮಿಷದ ಕೆಲಸ ಅಂತ ಹೇಳುವವರಿಗೆ ಈ ಬರಹ ಅರ್ಪಣೆ.

ಅರವತ್ತು ವರ್ಷಕ್ಕೊಮ್ಮೆ ಮರಳುವ ಸಂವತ್ಸರಗಳ ಪಟ್ಟಿ, ಯುಗಾದಿಯಿಂದ ಯುಗಾದಿಗೆ ಎಣಿಸುವುದು, ಮಾಘ ಫಾಲ್ಗುಣ ಬಂದರೆ ಇಸವಿಗೆ ಒಂದು ಕೂಡಿಸುವುದು, ಪುಷ್ಯ ಬಂದರೆ ಎರಡೂ ಕಡೆ ನೋಡುವುದು, ಇವೆಲ್ಲ ನಿಮಗೆ ಗೊತ್ತೇ ಇದೆ. ಬಿಟ್ಟು ಮುಂದೆ ಹೋಗುತ್ತೇನೆ.

ಮುತ್ತಜ್ಜನ ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಮನೆಯ ಹುಟ್ಟುಗಳನ್ನು ಬರೆದಿಟ್ಟಿದ್ದಾರೆ. ಎರಡು ತಲೆಮಾರಿನವರು ಅದೇ ಪುಸ್ತಕದಲ್ಲಿ, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಬರೆದಿದ್ದಾರೆ. ಸಾಲುಗಳು ಕಾಲದ ಅನುಕ್ರಮದಲ್ಲಿ ಇಲ್ಲ. ಕಾಟ ಕೊಟ್ಟ ಸಾಲು ಹೀಗಿದೆ: "ಪ್ರಮಾ(?)ಿ ಸಂ|| ಮಾಘ ಶು|| ೧೫ ಶುಕ್ರವಾರ, ಉದಯಾದಿ ಘಟಿ ೫೬, ಪುಬ್ಬ, ಸ್ತ್ರೀ ಶಿಶು ಜನನ." ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲವಲ್ಲ, ಹಾಗಾಗಿ ಹೆಸರಿಲ್ಲ. ಈ ಹೆಣ್ಣು ಮಗು ಅಜ್ಜನ ತಂಗಿಯಾಗಿರಬಹುದು, ಅಪ್ಪನ ಅಕ್ಕನೂ ಆಗಿರಬಹುದು.

ಪ್ರಶ್ನಾರ್ಥಕ ಚಿಹ್ನೆ ಹಾಕಿದ ಅಕ್ಷರವೇ ಎಲ್ಲ ರಗಳೆಯ ಮೂಲ. ಅದು ಥ ಆದರೆ ಪ್ರಮಾಥಿ, ಹದಿಮೂರನೇ ಸಂವತ್ಸರ. ದ ಆದರೆ ಪ್ರಮಾದಿ, ಅಂದರೆ ಪಂಚಾಂಗದ ಪ್ರಮಾದೀಚ, ನಲವತ್ತೇಳನೆಯದು. ಎರಡಕ್ಕೂ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ ಮಾತ್ರ.

ಪುಸ್ತಕ ಈಗ ಊರಲ್ಲಿದೆ, ನನ್ನ ಹತ್ತಿರ ಇರುವುದು ಸ್ಕ್ಯಾನ್. ಸ್ಕ್ಯಾನ್ ಮಾಡಿದ ಅಂಗಡಿಯವರು ತುಂಬ ಒಳ್ಳೆಯವರು. ನಾನು ಕೇಳದೆಯೇ "ಸಾರ್, ಕಲೆ ಎಲ್ಲ ತೆಗೆದು ಕ್ಲೀನ್ ಮಾಡಿ ಕೊಟ್ಟಿದೀನಿ" ಅಂದರು. ಕಾಗದದ ಕಲೆ ಹೋಯಿತು, ಕಪ್ಪು ಮಚ್ಚೆಗಳು ಹೋದವು, ಪುಟದಲ್ಲಿದ್ದ ಅನುಸ್ವಾರಗಳಲ್ಲೂ ಅರ್ಧ ಹೋದವು. ಹಸ್ತಪ್ರತಿ ಸ್ಕ್ಯಾನ್‌ಗೆ ಕೊಡುವವರು ದಯವಿಟ್ಟು ಮೊದಲೇ ಹೇಳಿ: ಕ್ಲೀನ್ ಬೇಡ, ಬಣ್ಣದಲ್ಲೇ ಇರಲಿ, ಕೊಳೆ ಸಮೇತ ಇರಲಿ. ಊರಿಗೆ ಫೋನ್ ಮಾಡಿ ಮೂಲ ಹಾಳೆ ನೋಡಲು ಹೇಳಿದೆ. ಚುಕ್ಕೆ ಇರುವ ಜಾಗದಲ್ಲಿ ಹುಳ ತಿಂದ ತೂತು ಇದೆಯಂತೆ. ಮುಗಿಯಿತು ಕಥೆ.

ಸರಿ, ಲೆಕ್ಕದಿಂದಲೇ ಹಿಡಿಯೋಣ ಅಂತ ಕುಳಿತೆ. 1867, 1927, 1987 ಮೊದಲನೇ ಸಂವತ್ಸರವಾದ ಪ್ರಭವ. ಅಷ್ಟು ಗೊತ್ತಿದ್ದರೆ ಸಾಕು:

```python
def varsha(n, low, high):
    return [y for y in range(low, high + 1)
            if (y - 1867) % 60 == n - 1]

varsha(13, 1870, 1980)   # [1879, 1939]
varsha(47, 1870, 1980)   # [1913, 1973]
```

ಒಂದು ಎಚ್ಚರಿಕೆ. ಸಂವತ್ಸರದ ಹೆಸರು ಕೊಟ್ಟರೆ ಇಸವಿ ಹೇಳುವ ಪರಿವರ್ತಕಗಳಲ್ಲಿ ಕೆಲವು ಉತ್ತರ ಭಾರತದ ಎಣಿಕೆ ಹಿಡಿಯುತ್ತವೆ. ಅಲ್ಲಿ ಗುರುಗ್ರಹದ ಚಲನೆಗೆ ಹೊಂದಿಸಿ ಸುಮಾರು 85 ವರ್ಷಕ್ಕೊಮ್ಮೆ ಒಂದು ಹೆಸರನ್ನು ಹಾರಿಸುತ್ತಾರೆ. ನಮ್ಮಲ್ಲಿ ಹಾರಿಸುವುದಿಲ್ಲ. ನೀವು ಹುಟ್ಟಿದ ವರ್ಷ ಕೊಟ್ಟು ನೋಡಿ. ಮನೆಯ ಪಂಚಾಂಗದ ಹೆಸರು ಬರದಿದ್ದರೆ ಅದನ್ನು ಮುಚ್ಚಿಬಿಡಿ.

ನಾಲ್ಕು ವರ್ಷಗಳಲ್ಲಿ 1879 ಮತ್ತು 1973 ಎರಡನ್ನೂ ಕೈಬರಹ ನೋಡಿಯೇ ಬಿಡಬಹುದು. ಉಳಿದದ್ದು 1913ರ ಪ್ರಮಾದಿ ಮತ್ತು 1939ರ ಪ್ರಮಾಥಿ. ತಿಂಗಳು ಮಾಘ ಆದ್ದರಿಂದ ಹುಟ್ಟಿದ್ದು 1914ರಲ್ಲಿ, ಇಲ್ಲವೇ 1940ರಲ್ಲಿ. ಮೊದಲನೆಯದಾದರೆ ಅಜ್ಜನ ತಂಗಿ, ಎರಡನೆಯದಾದರೆ ದೊಡ್ಡತ್ತೆ.

ಇಲ್ಲಿ ವಾರವೇ ಬ್ರಹ್ಮಾಸ್ತ್ರ. ಬರೆಯುವವರು ಸಂವತ್ಸರದ ಹೆಸರನ್ನು ತುಂಡು ಮಾಡಿ ಬರೆಯಬಹುದು, ವಾರವನ್ನು ಮಾತ್ರ ತಪ್ಪುವುದು ಅಪರೂಪ. ಅರವತ್ತು ವರ್ಷದ ಗೊಂದಲಕ್ಕೂ ವಾರವೇ ಮದ್ದು. ಅರವತ್ತು ಸಂವತ್ಸರ ಅಂದರೆ ಸಾಮಾನ್ಯವಾಗಿ 742 ಚಾಂದ್ರಮಾಸ, ಹೆಚ್ಚುಕಡಿಮೆ 21,912 ದಿನ. ಏಳರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ಆದ್ದರಿಂದ ಅದೇ ತಿಂಗಳ ಅದೇ ತಿಥಿಯ ವಾರ ಅರವತ್ತು ವರ್ಷದ ನಂತರ ಒಂದೋ ಎರಡೋ ದಿನ ಮುಂದಕ್ಕೆ ಜಾರಿರುತ್ತದೆ. 1914ರಲ್ಲಿ ಮಾಘದ ಹುಣ್ಣಿಮೆ ಫೆಬ್ರವರಿ 10, ಮಂಗಳವಾರ. 1974ರಲ್ಲಿ ಫೆಬ್ರವರಿ 6, ಬುಧವಾರ. ವಾರ ಒಂದು ದಿನ ಜಾರಿದೆ ನೋಡಿ. ವಾರ ಬರೆದಿದ್ದರೆ ಒಂದೇ ಹೆಸರಿನ ಎರಡು ವರ್ಷಗಳು ಬೆರೆಯುವ ಭಯ ಹೆಚ್ಚುಕಡಿಮೆ ಇಲ್ಲ. ಆದರೆ ನನ್ನ ಹಾಗೆ ಬೇರೆ ಬೇರೆ ಹೆಸರುಗಳನ್ನು ಹೋಲಿಸುವಾಗ ಏಳರಲ್ಲೊಂದು ಸಲ ವಾರ ಆಕಸ್ಮಿಕವಾಗಿಯೂ ಹೊಂದಬಹುದು. ಹಾಗಾಗಿ ಇನ್ನೊಂದು ಸಾಕ್ಷಿ ಬೇಕೇ ಬೇಕು.

ತಿಥಿ, ನಕ್ಷತ್ರಕ್ಕೆ ಗ್ರಹಗಳ ಸ್ಥಾನ ಲೆಕ್ಕ ಹಾಕುವ `pyswisseph` ಲೈಬ್ರರಿ ಬಳಸಿ ಸ್ಕ್ರಿಪ್ಟ್ ಬರೆದಿದ್ದೆ. ಸಂವತ್ಸರ, ಮಾಸ, ತಿಥಿ, ವಾರ, ನಕ್ಷತ್ರ, ಘಳಿಗೆ ಕೊಟ್ಟರೆ ಹೊಂದುವ ತಾರೀಖು ಹೇಳಬೇಕು. ಉಳಿದ ಸಾಲುಗಳಿಗೆಲ್ಲ ಚೆನ್ನಾಗಿಯೇ ಹೇಳಿತ್ತು. ಈ ಸಾಲಿಗೆ ಬಂದ ಉತ್ತರ `[]`. ಖಾಲಿ. 1914 ಅಲ್ಲ, 1940 ಅಲ್ಲ, ಯಾವುದೂ ಅಲ್ಲ.

1914 ಬಿದ್ದುಹೋದದ್ದಕ್ಕೆ ಕಾರಣ ಸರಳ, ಅಂದು ಮಂಗಳವಾರ. 1940ರ ಮಾಘ ಹುಣ್ಣಿಮೆ ಫೆಬ್ರವರಿ 23, ಶುಕ್ರವಾರ. ವಾರ ಸರಿಯಾಗಿ ಕೂರುತ್ತದೆ. ಆದರೂ ಸ್ಕ್ರಿಪ್ಟ್ ಒಪ್ಪುತ್ತಿಲ್ಲ. ಅಯನಾಂಶ ಬದಲಿಸಿದೆ, ಊರಿನ ರೇಖಾಂಶ ತಿದ್ದಿದೆ, ಸುಮ್ನೆ ಕಂಪ್ಯೂಟರ್ ಬೈದೆ.

ಅದೇ ಹೊತ್ತಿಗೆ ಹಳೆ ಪಂಚಾಂಗಕ್ಕೆ ಹೇಳಿಟ್ಟಿದ್ದ ಹಳೆ ಪುಸ್ತಕದ ವ್ಯಾಪಾರಿಯಿಂದ ಪಾರ್ಸಲ್ ಬಂತು. ನಾನು ಕೇಳಿದ್ದು ಪ್ರಮಾಥಿ ಸಂವತ್ಸರದ್ದು. ಬಂದದ್ದು ವಿಕ್ರಮ. ಕೇಳಿದರೆ "1940 ಅಂತ ಹೇಳಿದ್ರಲ್ಲ ಸಾರ್, ಮೇಲೆ 1940 ಅಂತಾನೇ ಇದೆಯಲ್ಲ" ಅಂದರು. ಇದೆ, ನಿಜ. ಆದರೆ ವಿಕ್ರಮ ಶುರುವಾಗುವುದೇ 1940ರ ಏಪ್ರಿಲ್ ಯುಗಾದಿಗೆ. ಅಧಿಕ ಮಾಸ ಬಿದ್ದ ವರ್ಷವಾದ್ದರಿಂದ ಪ್ರಮಾಥಿ 1939ರ ಮಾರ್ಚ್‌ನಿಂದ ಏಪ್ರಿಲ್‌ವರೆಗೂ ಎಳೆದಿತ್ತು. ಫೆಬ್ರವರಿ 1940 ಬೇಕಾದರೆ ಮೇಲೆ 1939 ಅಂತ ಇರುವ ಪಂಚಾಂಗ ತರಬೇಕು. ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಈಗ ನನ್ನ ಬಳಿ ಒಂದು ವಿಕ್ರಮ ಜಾಸ್ತಿ ಇದೆ, ಯಾರಿಗಾದರೂ ಬೇಕಿದ್ದರೆ ಹೇಳಿ.

ದಂಡದ ಪಂಚಾಂಗವಾದರೂ ಪುಟ ತಿರುವಿ ಹಾಕಿದ್ದು ಕೆಲಸಕ್ಕೆ ಬಂತು. ಪ್ರತಿ ದಿನದ ಸಾಲಿನಲ್ಲಿ ಒಂದೇ ತಿಥಿ, ಅದು ಮುಗಿಯುವ ಘಳಿಗೆ. ಸೂರ್ಯೋದಯಕ್ಕೆ ಯಾವ ತಿಥಿ ಇದೆಯೋ ಅದೇ ಆ ದಿನದ ತಿಥಿ. ಬರೆದವರು ಪಂಚಾಂಗದ ಸಾಲು ನೋಡಿ ತಿಥಿ ಎತ್ತಿಕೊಂಡಿದ್ದಾರೆ! ನನ್ನ ಸ್ಕ್ರಿಪ್ಟ್ ಕೇಳುತ್ತಿದ್ದದ್ದು ಮಗು ಹುಟ್ಟಿದ ಕ್ಷಣದ ತಿಥಿಯನ್ನು.

ಈಗ ಲೆಕ್ಕ ಬಿಡಿಸಿ ನೋಡಿ. ಒಂದು ಘಳಿಗೆ 24 ನಿಮಿಷ. ಉದಯಾದಿ ಘಟಿ ೫೬ ಅಂದರೆ ಸೂರ್ಯೋದಯದಿಂದ 56 ಘಳಿಗೆ, ಅಂದರೆ 22 ಗಂಟೆ 24 ನಿಮಿಷ. ಮಲೆನಾಡಿನಲ್ಲಿ ಫೆಬ್ರವರಿ ಕೊನೆಯಲ್ಲಿ ಸೂರ್ಯೋದಯ ಸುಮಾರು 6.45. ಕೂಡಿಸಿದರೆ ಮರುದಿನ ಬೆಳಗಿನ ಜಾವ 5.10ರ ಹತ್ತಿರ. ಹುಣ್ಣಿಮೆ ಶುಕ್ರವಾರ ಮಧ್ಯಾಹ್ನ ಮೂರೂವರೆ ಸುಮಾರಿಗೇ ಮುಗಿದಿತ್ತು. ಮಗು ಹುಟ್ಟುವಾಗ ಬಹುಳ ಪಾಡ್ಯ. ಸ್ಕ್ರಿಪ್ಟ್ "ಇದು ಶುದ್ಧ ಹದಿನೈದಲ್ಲ" ಅಂತ ತಳ್ಳಿಹಾಕಿದ್ದು ಅದಕ್ಕೇ.

ಇದರಲ್ಲಿ ನಕ್ಷತ್ರದ್ದು ಬೇರೆಯೇ ಕಥೆ. ಶುಕ್ರವಾರ ಸೂರ್ಯೋದಯಕ್ಕೆ ಚಂದ್ರ ಇದ್ದದ್ದು ಮಖಾ ನಕ್ಷತ್ರದಲ್ಲಿ. ಬರೆದಿರುವುದು ಪುಬ್ಬ. ಬೆಳಗಿನ ಜಾವ 5.10ಕ್ಕೆ ನೋಡಿದರೆ ಚಂದ್ರ ಪುಬ್ಬದ ನಡುಭಾಗದಲ್ಲಿದ್ದಾನೆ. ಅಂದರೆ ತಿಥಿ, ವಾರ ದಿನದ್ದು, ನಕ್ಷತ್ರ ಮಾತ್ರ ಕ್ಷಣದ್ದು. ಹೆಸರಿನ ಅಕ್ಷರಕ್ಕೂ ದಶೆಗೂ ಹುಟ್ಟಿದ ಹೊತ್ತಿನ ನಕ್ಷತ್ರವೇ ಬೇಕು, ಅದನ್ನು ಕೂತು ಲೆಕ್ಕ ಹಾಕಿಸಿದ್ದಾರೆ. ತಿಥಿಗೆ ಅಷ್ಟು ತಲೆ ಕೆಡಿಸಿಕೊಂಡಿಲ್ಲ. 1914ರಲ್ಲಿ ಅದೇ ಹೊತ್ತಿಗೆ ಚಂದ್ರ ಮಖಾದ ಶುರುವಿನಲ್ಲಿದ್ದ, ಪುಬ್ಬಕ್ಕೆ ಹೆಚ್ಚುಕಡಿಮೆ ಒಂದು ದಿನ ಬಾಕಿ ಇತ್ತು. ವಾರವೂ ನಕ್ಷತ್ರವೂ ಎರಡೂ 1914ನ್ನು ಹೊರಗೆ ಹಾಕಿದವು.

ನಕ್ಷತ್ರ ಒಂದನ್ನೇ ನಂಬಿ ಮಾತ್ರ ಕೂರಬೇಡಿ. ಮಾಸ, ತಿಥಿ ಗೊತ್ತಾದ ಮೇಲೆ ಚಂದ್ರ ಯಾವ ವರ್ಷವೂ ಎರಡು ಮೂರು ನಕ್ಷತ್ರದ ಆಚೆ ಹೋಗುವುದಿಲ್ಲ. ಮಾಘದ ಹುಣ್ಣಿಮೆ ಮಖಾದ ಆಸುಪಾಸಿನಲ್ಲೇ ಬರಬೇಕು. ಇಲ್ಲಿ ಉಪಯೋಗಕ್ಕೆ ಬಂದದ್ದು ಘಳಿಗೆಯೂ ಜೊತೆಗಿದ್ದದ್ದರಿಂದ.

ಸ್ಕ್ರಿಪ್ಟಿನಲ್ಲಿ ಈಗ ಉದಯ ತಿಥಿ, ಜನನ ಕಾಲದ ತಿಥಿ ಎರಡನ್ನೂ ಪ್ರಯತ್ನಿಸಿ, ಯಾವುದಕ್ಕೆ ಹೊಂದಿತು ಅಂತ ಪಕ್ಕದಲ್ಲಿ ಬರೆಯುವಂತೆ ಮಾಡಿದ್ದೇನೆ. ತಾರೀಖನ್ನೂ ಎರಡು ಕಾಲಮ್ಮಿನಲ್ಲಿ ಇಟ್ಟಿದ್ದೇನೆ: ಪಂಚಾಂಗದ ದಿನ ಫೆಬ್ರವರಿ 23 ಶುಕ್ರವಾರ, ಕ್ಯಾಲೆಂಡರ್ ದಿನ ಫೆಬ್ರವರಿ 24 ಶನಿವಾರ. ಸೂರ್ಯ ಹುಟ್ಟುವ ಮುಂಚಿನ ಹುಟ್ಟುಗಳಿಗೆಲ್ಲ ಈ ಒಂದು ದಿನದ ವ್ಯತ್ಯಾಸ ಬರುತ್ತದೆ.

ಇಷ್ಟೆಲ್ಲ ಆದ ಮೇಲೆ ದೊಡ್ಡತ್ತೆಗೆ ಫೋನ್ ಮಾಡಿದೆ. ಶಾಲೆ ದಾಖಲೆಯಲ್ಲಿ ಅವರ ಜನ್ಮದಿನ ಜೂನ್ 1. ಆ ಕಾಲದವರಲ್ಲಿ ಎಷ್ಟೋ ಜನ ಶಾಲೆ ಶುರುವಾಗುವ ತಿಂಗಳಲ್ಲೇ ಹುಟ್ಟಿದವರು, ಗೊತ್ತಲ್ಲ.

"ಅತ್ತೆ, ನೀವು ಹುಟ್ಟಿದ್ದು ಯಾವ ವಾರ ಅಂತ ಗೊತ್ತಾ?"

"ಶುಕ್ರವಾರ ಕಣೋ. ಲಕ್ಷ್ಮಿ ಬಂದ್ಲು ಅಂದ್ರಂತೆ. ಭಾರತ ಹುಣ್ಣಿಮೆ ರಾತ್ರಿ ಕಳೆದು ಕೋಳಿ ಕೂಗೋ ಹೊತ್ತು. ಯಾಕೋ, ಏನಾಯ್ತು?"

ಏನೂ ಆಗಿಲ್ಲ ಅತ್ತೆ ಅಂದೆ.

ಮುಂದಿನ ಯೋಜನೆ ಆಗಲೇ ಮೇಜಿನ ಮೇಲಿದೆ. ಅಜ್ಜಿಯ ತವರು ಉಡುಪಿ ಕಡೆ. ಅಲ್ಲಿಂದ ಬಂದ ಚೀಟಿಗಳಲ್ಲಿ ಪಗ್ಗು, ಬೇಶ, ಆಟಿ ಅಂತ ತುಳು ತಿಂಗಳುಗಳು. ಸೌರಮಾನ, ವರ್ಷ ಬದಲಾಗುವುದು ಬಿಸುವಿಗೆ, ಏಪ್ರಿಲ್ ಮಧ್ಯದಲ್ಲಿ. ಚಾಂದ್ರ ಯುಗಾದಿಗೂ ಬಿಸುವಿಗೂ ನಡುವೆ ಹುಟ್ಟಿದವರಿಗೆ ಘಟ್ಟದ ಮೇಲೆ ಒಂದು ಸಂವತ್ಸರ, ಕೆಳಗೆ ಇನ್ನೊಂದು. ಅದಕ್ಕೆ ಹೊಸ ಫಂಕ್ಷನ್ನೇ ಬೇಕು, ಸಂಕ್ರಾಂತಿಯ ಹೊತ್ತು ತೆಗೆಯುವುದರಿಂದ ಶುರು ಮಾಡುತ್ತೇನೆ.

ಅದಕ್ಕೂ ಮುಂಚೆ ಇದೇ ಹಾಳೆಯ ಕೆಳಗಿನ ಸಾಲು ಉಳಿದಿದೆ. "ವಿರೋಧಿ|| ಜ್ಯೇಷ್ಠ ಬ|| ೩" ಅಂತ ಮಾತ್ರ ಇದೆ. ಆ ಎರಡು ಗೆರೆ ಸಂವತ್ಸರ ಅನ್ನುವುದಕ್ಕೆ ಹಾಕಿದ್ದಾದರೆ ವಿರೋಧಿ, 1949. ಕೃತು ಅನ್ನುವುದನ್ನು ನುಂಗಿದ್ದಾದರೆ ವಿರೋಧಿಕೃತು, 1911. ವಾರ ಇಲ್ಲ, ನಕ್ಷತ್ರ ಇಲ್ಲ, ಘಳಿಗೆ ಇಲ್ಲ. ಇದೇ ಬರೆದವರು ಬೇರೆ ಸಾಲುಗಳಲ್ಲಿ ಆ ಗೆರೆಯನ್ನು ಹೇಗೆ ಬಳಸಿದ್ದಾರೆ ಅಂತ ಒಂದೊಂದಾಗಿ ಪಟ್ಟಿ ಮಾಡುತ್ತಿದ್ದೇನೆ. ಈ ಸಲ ಬಣ್ಣದ ಸ್ಕ್ಯಾನ್‌ನಿಂದ.