ನಕಲಿ ಫೈಲ್ ಹುಡುಕುವ ಸ್ಕ್ರಿಪ್ಟ್: 34 ನಿಮಿಷ ಎಲ್ಲಿ ಹೋಗುತ್ತಿತ್ತು?

ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಎರಡೆರಡು ಸಲ ಕೂತಿರುವ ಫೈಲ್‌ಗಳನ್ನು ಪತ್ತೆ ಮಾಡಲು ಪೈಥಾನ್‌ನಲ್ಲಿ ಒಂದು ಸ್ಕ್ರಿಪ್ಟ್ ಬರೆದುಕೊಂಡಿದ್ದೆ. ಹೋದ ವಾರ ಅದನ್ನು ಗೆಳೆಯನಿಗೆ ಕಳಿಸಿ, "ತುಂಬಾ ನಿಧಾನ, ಸ್ವಲ್ಪ ವೇಗ ಮಾಡಿಕೊಡೋ" ಅಂದೆ. ಬೇರೇನೂ ಹೇಳಲಿಲ್ಲ.

ಪಾಪ, ಅವನು ಕೋಡ್ ನೋಡಿ ಎದ್ದು ಕಾಣುವ ತಪ್ಪನ್ನು ಹಿಡಿದ.

```python
if h in seen:
```

`h` ಅಂದರೆ ಫೈಲ್‌ನ ಹ್ಯಾಶ್, ಇಡೀ ಫೈಲ್ ಓದಿ ಲೆಕ್ಕ ಹಾಕಿದ ಗುರುತು. `seen` ಈವರೆಗೆ ಕಂಡ ಹ್ಯಾಶ್‌ಗಳ ಲಿಸ್ಟ್. ಪ್ರತಿ ಹೊಸ ಹ್ಯಾಶ್‌ಗೂ ಪೈಥಾನ್ ಅದನ್ನು ಮೊದಲಿಂದ ಹುಡುಕುತ್ತದೆ. ಅವನು ಅದನ್ನು ಹಾಗೆ ಮೊದಲಿಂದ ಹುಡುಕಬೇಕಿಲ್ಲದ `set` ಆಗಿ ಬದಲಿಸಿದ. ನಾನು 500 ಫೈಲ್ ಇರುವ ಸಣ್ಣ ಫೋಲ್ಡರ್ ಮೇಲೆ ಓಡಿಸಿದರೆ ಫಟ್ಟಂತ ಮುಗಿಯಿತು. ಖುಷಿಯೋ ಖುಷಿ. ಆಮೇಲೆ ಹಳೆಯ ಸ್ಕ್ರಿಪ್ಟನ್ನೇ ಅದೇ ಫೋಲ್ಡರ್ ಮೇಲೆ ಓಡಿಸಿದೆ. ಅದೂ ಫಟ್ಟಂತ ಮುಗಿಯಿತು! ಒಮ್ಮೆ ಓದಿದ ಫೈಲ್‌ಗಳು ಮೆಮೊರಿಯಲ್ಲೇ ಉಳಿದಿದ್ದವು, ಡಿಸ್ಕ್ ಮುಟ್ಟುವ ಕೆಲಸವೇ ಇರಲಿಲ್ಲ.

ನಿಜವಾದ ಡಿಸ್ಕ್ ಮೇಲೆ ಹೊಸ ಸ್ಕ್ರಿಪ್ಟ್‌ಗೂ 34 ನಿಮಿಷ ಹಿಡಿಯಿತು. ಗೆಳೆಯ ಆಗ ಕೇಳಿದ: "ಎಷ್ಟು ಫೈಲ್? ಒಟ್ಟು ಎಷ್ಟು ಜಿಬಿ? `time` ಹಾಕಿ ನೋಡಿದ್ದೀಯಾ?" ನೋಡಿರಲಿಲ್ಲ.

ನೋಡಿದೆ. 40,000 ಫೈಲ್, 180 ಜಿಬಿ. `real` 34 ನಿಮಿಷ, ಆದರೆ ಪ್ರೊಸೆಸರ್ ಕೆಲಸ ಮಾಡಿದ ಹೊತ್ತು, ಅಂದರೆ `user` ಮತ್ತು `sys` ಕೂಡಿಸಿದರೂ 9 ನಿಮಿಷ. ಉಳಿದ ಹೊತ್ತು ಪ್ರೊಸೆಸರ್ ಸುಮ್ಮನೆ ಡಿಸ್ಕ್‌ಗೆ ಕಾಯುತ್ತಿತ್ತು. ಈ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಓದುತ್ತದೆ, ಅಂದರೆ 180 ಜಿಬಿ ಓದುವುದಕ್ಕೇ ಅರ್ಧ ಗಂಟೆ. ಲಿಸ್ಟ್‌ನ ಕತೆ? 40,000ಕ್ಕೆ ಸುಮಾರು 80 ಕೋಟಿ ಹೋಲಿಕೆ, ಕೇಳಲು ಭಯಂಕರ, ಆದರೆ ಲೆಕ್ಕ ಹಾಕಿದರೆ 20 ಸೆಕೆಂಡ್ ಅಷ್ಟೇ. ಫೈಲ್‌ಗಳು ಹತ್ತು ಪಟ್ಟಾದರೆ ಆ 20 ಸೆಕೆಂಡ್ ನೂರು ಪಟ್ಟಾಗಿ ಅರ್ಧ ಗಂಟೆ ದಾಟುತ್ತದೆ, ಆಗ ಅವನ ತಿದ್ದುಪಡಿಗೆ ಬೆಲೆ. ನನ್ನ ಡಿಸ್ಕ್ ಅಷ್ಟು ದೊಡ್ಡದಲ್ಲ.

ಹಾಗಾದರೆ ಕಡಿಮೆ ಓದಬೇಕು. ಗಾತ್ರ ಬೇರೆಯಾದ ಎರಡು ಫೈಲ್ ಒಂದೇ ಆಗಿರಲು ಸಾಧ್ಯವಿಲ್ಲ, ಗಾತ್ರ ತಿಳಿಯಲು ಫೈಲ್ ತೆರೆಯಬೇಕಾಗಿಯೂ ಇಲ್ಲ. ಮೊದಲು ಗಾತ್ರದ ಪ್ರಕಾರ ಗುಂಪು ಮಾಡಿ, ಒಂದೇ ಗಾತ್ರದ ಜೊತೆಗಾರರಿರುವ ಫೈಲ್‌ಗಳಿಗೆ ಮಾತ್ರ ಹ್ಯಾಶ್ ತೆಗೆದೆವು. ಓದಬೇಕಾದದ್ದು 12 ಜಿಬಿಗೆ ಇಳಿಯಿತು, ಸಮಯ ಮೂರು ನಿಮಿಷದೊಳಗೆ.

ಮರುದಿನ ಇನ್ನೊಂದು ಸ್ಕ್ರಿಪ್ಟ್ ಕೈಕೊಟ್ಟಿತು. ಫೈಲ್ ಕೆಟ್ಟಿದೆಯೇ ಎಂದು ತಿಂಗಳಿಗೊಮ್ಮೆ ನೋಡುವ ಆ ಸ್ಕ್ರಿಪ್ಟ್‌ಗೆ, ನಕಲಿ ಹುಡುಕುವ ಸ್ಕ್ರಿಪ್ಟ್ ಬರೆದಿಡುವ `hashes.txt`ನಲ್ಲಿ ಎಲ್ಲಾ ಫೈಲ್‌ಗಳ ಹ್ಯಾಶ್ ಬೇಕು. ಈಗ ಅದರಲ್ಲಿ ಬಹುಪಾಲು ಕಾಣೆ. "ಅದನ್ನು ಮುಟ್ಟಬಾರದು ಅಂತ ನೀನು ಹೇಳಲೇ ಇಲ್ಲವಲ್ಲೋ" ಅಂದ ಗೆಳೆಯ. ಹೌದು, ನನಗೂ ನೆನಪಿರಲಿಲ್ಲ.

ಸದ್ಯಕ್ಕೆ ಎರಡನ್ನೂ ಬೇರೆ ಮಾಡಿದ್ದೇನೆ: ಪೂರ್ತಿ ಹ್ಯಾಶ್ ತಿಂಗಳಿಗೊಮ್ಮೆ ರಾತ್ರಿ, ನಕಲಿ ಹುಡುಕಾಟ ಬೇಕಾದಾಗ.