ಅಂಕೋಲೆಯ ಉಪ್ಪು ಯಾವ ದಿನದ್ದು?

ಉತ್ತರ ಕನ್ನಡದ ಸ್ವಾತಂತ್ರ್ಯ ಹೋರಾಟದ ಪ್ರಬಂಧಗಳನ್ನು ತಿದ್ದುವಾಗ ಇಂಥ ವಾಕ್ಯ ಸಿಗುತ್ತದೆ: “1930ರ ಏಪ್ರಿಲ್ 6ರಂದು, ಗಾಂಧೀಜಿ ದಂಡಿಯಲ್ಲಿ ಉಪ್ಪು ತೆಗೆದ ದಿನವೇ ಅಂಕೋಲೆಯಲ್ಲೂ ಕಾನೂನು ಮುರಿದರು, ಸರ್ಕಾರ ರೈತರ ಜಮೀನು ಜಪ್ತಿ ಮಾಡಿತು.” ಓದಲು ಸರಾಗವಾಗಿದೆ. ಆದರೆ ಒಂದೇ ವಾಕ್ಯದಲ್ಲಿ ಮೂರು ನೆನಪುಗಳು ಅಂಟಿಕೊಂಡಿವೆ. ಪೆನ್ಸಿಲ್ ಹಿಡಿದು ಮೊದಲು ಅವನ್ನು ಬಿಡಿಸಬೇಕು: ದಂಡಿ ಯಾವಾಗ, ಅಂಕೋಲೆ ಯಾವಾಗ, ಜಪ್ತಿ ಯಾವುದಕ್ಕಾಗಿ.

ದಂಡಿಯ ಏಪ್ರಿಲ್ 6 ಸರಿಯೇ. ಯಾತ್ರೆ ಹೊರಟದ್ದು ಮಾರ್ಚ್ 12ಕ್ಕೆ. ಈ ಎರಡು ತಾರೀಖುಗಳು ಅದಲುಬದಲಾಗುವುದೂ ಉಂಟು. ಅಂಕೋಲೆಯದು ಏಪ್ರಿಲ್ 13, ಅಂದರೆ ಸರಿಯಾಗಿ ಒಂದು ವಾರದ ನಂತರ. ಈ ಒಂದು ವಾರಕ್ಕೂ ಹಿನ್ನೆಲೆಯಿದೆ. 1919ರ ಏಪ್ರಿಲ್ 6ರ ಹರತಾಳ ಮತ್ತು 13ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನೆನಪಿಗೆ ಕಾಂಗ್ರೆಸ್ಸಿನವರು ಆ ದಿನಗಳನ್ನು ರಾಷ್ಟ್ರೀಯ ಸಪ್ತಾಹವೆಂದು ಆಚರಿಸುತ್ತಿದ್ದರು. ಇದು ಗೊತ್ತಿದ್ದರೆ ಎರಡು ತಾರೀಖೂ ತಲೆಯಲ್ಲಿ ಕೂರುತ್ತವೆ. ಆದರೂ ಇದು ನೆನಪಿಗೆ ಊರುಗೋಲು ಅಷ್ಟೇ, ಪುರಾವೆಯಲ್ಲ.

ಪುರಾವೆಗೆ ಗ್ರಂಥಾಲಯದಲ್ಲಿ ಗೆಜೆಟಿಯರ್ ಕೇಳುವಾಗ ಯಾವುದೆಂದು ನೋಡಿ ಕೇಳಬೇಕು. ಆಗ ಕೆನರಾ ಎನ್ನುತ್ತಿದ್ದ ಈ ಜಿಲ್ಲೆಯ ಹಳೆಯ ಗೆಜೆಟಿಯರ್ 1883ರದ್ದು. ಅದರಲ್ಲಿ ಉಪ್ಪಿನ ಸತ್ಯಾಗ್ರಹ ಹುಡುಕಿದರೆ ಸಿಗುವುದು ಹೇಗೆ? ಬೇಕಾದದ್ದು 1985ರ ಉತ್ತರ ಕನ್ನಡ ಜಿಲ್ಲಾ ಗೆಜೆಟಿಯರ್. ಅದರ ಜೊತೆಗೆ ಆ ವಾರದ ಪತ್ರಿಕೆ ಸಿಕ್ಕರೆ ಇನ್ನೂ ಗಟ್ಟಿ. 1930ರ ಏಪ್ರಿಲ್ 6 ಮತ್ತು 13 ಎರಡೂ ಭಾನುವಾರ. ಹಾಗಾಗಿ ವರದಿಯಲ್ಲಿ “ನಿನ್ನೆ” ಎಂದಿದ್ದರೆ ಪತ್ರಿಕೆ ಸೋಮವಾರದ್ದಾಗಿರಬೇಕು. ಪತ್ರಿಕೆಯ ತಲೆಯ ಮೇಲಿನ ತಾರೀಖನ್ನೇ ಘಟನೆಯ ತಾರೀಖು ಎಂದು ಬರೆದುಕೊಳ್ಳುವುದರಿಂದಲೇ ಎಷ್ಟೋ ಕಡೆ ಒಂದೆರಡು ದಿನದ ವ್ಯತ್ಯಾಸ ಹುಟ್ಟುತ್ತದೆ.

ಎರಡು ಸ್ಮರಣ ಸಂಚಿಕೆಗಳಲ್ಲಿ ಒಂದೇ ತಾರೀಖಿದ್ದರೆ ಎರಡು ಸಾಕ್ಷಿ ಎಂದುಕೊಳ್ಳಬಾರದು. ಇಬ್ಬರ ಬರಹದಲ್ಲೂ ಅದೇ ಅಚ್ಚಿನ ತಪ್ಪು, ಅದೇ ವಾಕ್ಯ ಕಂಡರೆ ಒಬ್ಬರದನ್ನು ಇನ್ನೊಬ್ಬರು ನಕಲು ಮಾಡಿದ್ದಾರೆ ಎಂದೇ ಲೆಕ್ಕ.

ಜಪ್ತಿಯ ಮಾತು ಬೇರೆ. ಅಂಕೋಲೆ, ಸಿದ್ದಾಪುರದ ರೈತರು ಜಮೀನು ಕಳೆದುಕೊಂಡದ್ದು ಉಪ್ಪಿಗಲ್ಲ, ಕಂದಾಯ ಕಟ್ಟದ ಕರನಿರಾಕರಣೆಗೆ. ಇಲ್ಲಿ ದಿನಾಂಕಕ್ಕಿಂತ ಅನುಕ್ರಮ ಮುಖ್ಯ. ನಡುವೆ ಒಂದು ಗೂಟ ನೆಡಬಹುದು: ಚಳವಳಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿದ 1931ರ ಮಾರ್ಚ್ 5ರ ಗಾಂಧಿ–ಇರ್ವಿನ್ ಒಪ್ಪಂದ. ಕೈಯಲ್ಲಿರುವ ಪ್ರತಿ ಜಪ್ತಿಯೂ ಅದಕ್ಕೆ ಮೊದಲಿನದೋ, 1932ರ ಜನವರಿಯಲ್ಲಿ ಚಳವಳಿ ಮತ್ತೆ ಶುರುವಾದ ಮೇಲಿನದೋ ಎಂದು ನೋಡಬೇಕು. ಜಪ್ತಿ ಮಾಡಿದವರನ್ನು “ಮೈಸೂರು ಸರ್ಕಾರ” ಎಂದು ಬರೆದಿದ್ದರೆ ಅದನ್ನೂ ಹೊಡೆದುಹಾಕಿ. 1862ರಿಂದ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು.

ಜಪ್ತಿಯ ವರ್ಷ ಖಚಿತವಾಗದಿದ್ದರೆ ಊಹೆಯ ಅಂಕಿ ಬೇಡ, ವಾಕ್ಯವನ್ನೇ ಬದಲಿಸಬಹುದು: “ದಂಡಿಯ ಒಂದು ವಾರದ ಮೇಲೆ, 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದರು, ಕರನಿರಾಕರಣೆಗೆ ಇಳಿದ ರೈತರ ಜಮೀನನ್ನು ಸರ್ಕಾರ ಮುಂದೆ ಜಪ್ತಿ ಮಾಡಿತು.”