ಆಷಾಢದಲ್ಲಿ ತಿದ್ದಿದ ಪರಿಚಯ

ಆಷಾಢದಲ್ಲಿ ಮದುವೆಗಳಿರುವುದಿಲ್ಲ. ಅಂಥ ಒಂದು ಬಿಡುವಿನ ಮಧ್ಯಾಹ್ನ ಮಂಡ್ಯದಿಂದ ಹುಡುಗಿಯ ಅಣ್ಣನೊಬ್ಬರು ಫೋನ್ ಮಾಡಿದರು. “ಸರ್, ನಿಮ್ಮ ಇನ್‌ಸ್ಟಾಗ್ರಾಂ ನೋಡಿದೆ. ಮದುವೆ ಫೋಟೋ ತೆಗೆಯುತ್ತೀರಾ, ಇಲ್ಲ ಹಕ್ಕಿಗಳದ್ದು ಮಾತ್ರವೇ?”

ಆರು ವರ್ಷಗಳಿಂದ ಮದುವೆ ಫೋಟೋಗಳೇ ನನ್ನ ಮನೆ ನಡೆಸುತ್ತಿವೆ. ಆದರೂ ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಪರಿಚಯದಲ್ಲಿ ‘ಬೆಳಕಿನ ಬೆನ್ನು ಹತ್ತಿದವನು’ ಎಂದು ಬರೆದುಕೊಂಡಿದ್ದೆ. ಮೇಲೆ ಪಿನ್ ಮಾಡಿದ್ದು ರಂಗನತಿಟ್ಟಿನ ಕೊಕ್ಕರೆ. ಊರು, ಕೆಲಸ, ಸಂಪರ್ಕ ಒಂದೂ ಇರಲಿಲ್ಲ.

ಅಂದು ಸಂಜೆಯೇ ತಿದ್ದಲು ಕುಳಿತೆ. ಮೊದಲು ಹೆಸರಿನ ಜಾಗ. ಜನ ಹುಡುಕುವಾಗ ಅಲ್ಲಿರುವ ಪದಗಳೂ ಲೆಕ್ಕಕ್ಕೆ ಬರುತ್ತವೆ. ಕನ್ನಡದವರೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಟೈಪ್ ಮಾಡಿ ಹುಡುಕುವುದರಿಂದ ನನ್ನ ಹೆಸರಿನ ಮುಂದೆ Wedding Photographer Mysuru ಎಂದು ಸೇರಿಸಿದೆ. ಪರಿಚಯಕ್ಕೆ ಸಿಗುವುದು 150 ಅಕ್ಷರ. ಕನ್ನಡದಲ್ಲಿ ಕೊಂಬು, ಒತ್ತುಗಳೂ ಆ ಲೆಕ್ಕಕ್ಕೆ ಸೇರಿ ಜಾಗ ಬೇಗ ಮುಗಿಯಿತು. ನಾಲ್ಕು ಬಾರಿ ಅಳಿಸಿದ ಮೇಲೆ ಉಳಿದದ್ದು ಇಷ್ಟು:

“ಧಾರೆ, ನಿಶ್ಚಿತಾರ್ಥ, ಆರತಕ್ಷತೆ. ಮೈಸೂರು, ಮಂಡ್ಯ, ಹಾಸನ. ದಿನಕ್ಕೆ ಒಂದೇ ಮದುವೆ. 30 ದಿನದಲ್ಲಿ ಫೋಟೋ. ದಿನಾಂಕ ತಿಳಿಸಿ, ವಾಟ್ಸಾಪ್ ಮಾಡಿ.”

‘ದಿನಕ್ಕೆ ಒಂದೇ ಮದುವೆ’ ಎಂಬುದನ್ನು ಬಿಡಲು ಮನಸ್ಸು ಬರಲಿಲ್ಲ. ಬೆಳಗಿನ ಧಾರೆಗೆ ಬಂದವನು ಇನ್ನೊಂದು ಛತ್ರಕ್ಕೆ ಓಡಿ, ಆರತಕ್ಷತೆಗೆ ಬೇರೆ ಹುಡುಗನನ್ನು ಕಳುಹಿಸುತ್ತಾನೆ ಎಂಬ ಭಯ ಎಷ್ಟೋ ಮನೆಗಳಲ್ಲಿದೆ.

ಪಿನ್ ಮಾಡುವ ಪೋಸ್ಟಿಗೆ ಹೆಚ್ಚು ಹೊತ್ತು ಹಿಡಿಯಿತು. ಹಲವು ಮದುವೆಗಳಿಂದ ಚೆಂದದ ಹತ್ತು ಚಿತ್ರ ಆರಿಸುವುದು ಸುಲಭ. ಆದರೆ ಮನೆಯವರಿಗೆ ಬೇಕಾದದ್ದು ಒಂದು ಮದುವೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಹೇಗೆ ಹಿಡಿಯುತ್ತೇನೆ ಎಂಬುದು. ಅದಕ್ಕೇ ಹಾಸನದ ಒಂದೇ ಮದುವೆಯನ್ನು ಆರಿಸಿಕೊಂಡೆ. ಮೊದಲ ಚಿತ್ರ ಅಂತರಪಟ ಇಳಿದ ಕ್ಷಣದ್ದು: ಹುಡುಗಿಯ ಬೆರಳ ಸಂದಿಯಿಂದ ಜೀರಿಗೆ ಬೆಲ್ಲ ಉದುರುತ್ತಿದೆ, ಹುಡುಗ ಕಣ್ಣು ಮುಚ್ಚಿಕೊಂಡಿದ್ದಾನೆ. ಮೂಲ ಚಿತ್ರ ಅಡ್ಡಲಾಗಿತ್ತು. ಪ್ರೊಫೈಲ್‌ನ ಉದ್ದನೆಯ ಚೌಕಟ್ಟಿನಲ್ಲಿ ಹುಡುಗನ ಅರ್ಧ ಮುಖವೇ ಕತ್ತರಿಸಿಹೋಯಿತು. ಅದೇ ಕ್ಷಣದ ಲಂಬ ಚಿತ್ರವನ್ನು ಹುಡುಕಿ ಹಾಕಿದೆ. ಕಡೆಯ ಚಿತ್ರ ಮಂದ ಬೆಳಕಿನ ಊಟದ ಹಾಲ್. ಅಲ್ಲಿ ಮುಖಗಳು ಹಳದಿಯಾಗದೆ ಬಂದಿರುವುದನ್ನು ತೋರಿಸಬೇಕಿತ್ತು.

ಹಾಕುವ ಮುನ್ನ ಆ ಹುಡುಗಿಗೆ ಎಲ್ಲ ಚಿತ್ರಗಳನ್ನೂ ಕಳುಹಿಸಿ ಒಪ್ಪಿಗೆ ಕೇಳಿದೆ. “ಅಜ್ಜಿ ಅಳುವುದು ಮಾತ್ರ ಬೇಡ ಅಣ್ಣ, ಅದು ನಮ್ಮ ಮನೆಯದು” ಎಂದಳು. ನನಗೆ ಅತಿ ಪ್ರಿಯವಾದ ಚಿತ್ರ ಅದೇ. ತೆಗೆದುಬಿಟ್ಟೆ.

ಪೋಸ್ಟಿನ ಜೊತೆಗಿನ ಬರಹದಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತದೆ, ಉಳಿದದ್ದಕ್ಕೆ ಒತ್ತಬೇಕು. ಹಾಗಾಗಿ ಕವಿತೆಯಂತಿದ್ದ ಆರಂಭವನ್ನು ಕೈಬಿಟ್ಟು, “ಹಾಸನ, ಎರಡು ದಿನದ ಮದುವೆ, ಇಬ್ಬರು ಫೋಟೋಗ್ರಾಫರ್, 600 ಚಿತ್ರ” ಎಂದು ಶುರು ಮಾಡಿದೆ. ಕೆಳಗೆ ಆಲ್ಬಮ್ ಸೇರಿದೆಯೇ, ಮುಂಗಡ ಎಷ್ಟು, ದರ ಎಲ್ಲಿಂದ ಆರಂಭ ಎಂದು ಬರೆದೆ. ದರ ಹಾಕಿದ ಮೇಲೆ ವಿಚಾರಿಸುವವರು ಕಡಿಮೆಯಾದರು, ನಿಜ. ಆದರೆ ದರ ಕೇಳಿ ಸುಮ್ಮನಾಗುತ್ತಿದ್ದ ಕರೆಗಳೂ ನಿಂತವು.

ಶ್ರಾವಣದ ಎರಡನೇ ವಾರ ತಾಯಿಯೊಬ್ಬರು ಫೋನ್ ಮಾಡಿದರು. “ನವೆಂಬರಿನ ಮೊದಲ ಭಾನುವಾರ ಖಾಲಿ ಇದ್ದೀರಾ? ಜೀರಿಗೆ ಬೆಲ್ಲದ ಫೋಟೋ ನೋಡಿದೆವು.” ನಾನು ಡೈರಿ ತೆರೆದೆ.